ಪ್ರೋಗ್ರಾಮಿಂಗ್ ಮುಂದೂಡಿದರೆ ಒಂದು ವರ್ಷ ಹೋಗುತ್ತದೆ

ಬೆಂಗಳೂರಿನ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜುಗಳ ಸಿಲಬಸ್ ಪುಸ್ತಕ ತೆರೆದರೆ ಎಷ್ಟೋ ಕೋರ್ಸ್‌ಗಳ ಹೆಸರಿನ ಕೆಳಗೆ ‘ಪ್ರಿರಿಕ್ವಿಸಿಟ್’ ಎಂಬ ಸಾಲು ಸಿಗುತ್ತದೆ. ಇದನ್ನು ಓದುವ ಮೊದಲು ಅದನ್ನು ಓದಿರಬೇಕು ಎಂಬುದಷ್ಟೇ ಅದರ ಅರ್ಥ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಸಾಲೂ ಸರಿಯಾಗಿಯೇ ಕಾಣುತ್ತದೆ. ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬಾಣಗಳಾಗಿ ಬರೆದಾಗ ಮಾತ್ರ, ಈ ಪಠ್ಯಕ್ರಮವನ್ನು ಓದಿ ಮುಗಿಸಲು ಸಾಧ್ಯವೇ, ಸಾಧ್ಯವಾದರೆ ಎಷ್ಟು ಸೆಮಿಸ್ಟರ್ ಬೇಕು ಎಂಬುದು ಹೊರಬರುತ್ತದೆ.

ಎಂಟು ಕೋರ್ಸ್‌ಗಳ ಒಂದು ಪುಟ್ಟ ಪಠ್ಯಕ್ರಮವನ್ನು ಕಲ್ಪಿಸಿಕೊಳ್ಳಿ. ಪ್ರೋಗ್ರಾಮಿಂಗ್, ಡಿಸ್ಕ್ರೀಟ್ ಗಣಿತ ಮತ್ತು ಕ್ಯಾಲ್ಕುಲಸ್ ಈ ಮೂರಕ್ಕೆ ಯಾವ ಪೂರ್ವಶರತ್ತೂ ಇಲ್ಲ. ಡೇಟಾ ಸ್ಟ್ರಕ್ಚರ್ಸ್‌ಗೆ ಪ್ರೋಗ್ರಾಮಿಂಗ್ ಬೇಕು. ಅಲ್ಗಾರಿದಮ್ಸ್‌ಗೆ ಡೇಟಾ ಸ್ಟ್ರಕ್ಚರ್ಸ್ ಮತ್ತು ಡಿಸ್ಕ್ರೀಟ್ ಗಣಿತ ಎರಡೂ ಬೇಕು. ಡೇಟಾಬೇಸ್‌ಗೆ ಡೇಟಾ ಸ್ಟ್ರಕ್ಚರ್ಸ್ ಬೇಕು, ಸಂಭವನೀಯತೆಗೆ ಕ್ಯಾಲ್ಕುಲಸ್ ಬೇಕು. ಕೊನೆಯದಾದ ಮಷೀನ್ ಲರ್ನಿಂಗ್‌ಗೆ ಸಂಭವನೀಯತೆ ಮತ್ತು ಅಲ್ಗಾರಿದಮ್ಸ್ ಬೇಕು. ಮೊದಲು ಓದಬೇಕಾದದ್ದರಿಂದ ನಂತರದ್ದಕ್ಕೆ ಬಾಣ ಎಳೆದರೆ ಒಟ್ಟು ಏಳು ಬಾಣಗಳಾಗುತ್ತವೆ. ಬಾಣಗಳ ದಾರಿ ಹಿಡಿದು ಹೊರಟವರು ಹೊರಟ ಜಾಗಕ್ಕೇ ಮರಳಿ ಬರುವಂತಿಲ್ಲದಿದ್ದರೆ ಅಂಥ ಚಿತ್ರವನ್ನು ಗಣಿತದಲ್ಲಿ ಡೈರೆಕ್ಟೆಡ್ ಎಸೈಕ್ಲಿಕ್ ಗ್ರಾಫ್, ಅಂದರೆ ಚಕ್ರವಿಲ್ಲದ ಬಾಣಚಿತ್ರ ಎನ್ನುತ್ತಾರೆ. ಎಲ್ಲ ಬಾಣಗಳೂ ಮುಂದಕ್ಕೇ ಇರುವಂತೆ ಕೋರ್ಸ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವುದೇ ಟೋಪೋಲಾಜಿಕಲ್ ಸಾರ್ಟಿಂಗ್.

ಇದಕ್ಕೆ ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನವನ್ನು ಪೆನ್ಸಿಲ್ ಹಿಡಿದೇ ಮಾಡಬಹುದು. ಪ್ರತಿ ಕೋರ್ಸ್‌ನ ಪಕ್ಕದಲ್ಲಿ ಅದರೊಳಕ್ಕೆ ಬರುವ ಬಾಣಗಳ ಸಂಖ್ಯೆ ಬರೆಯಿರಿ. ಮೊದಲ ಮೂರಕ್ಕೆ ಸೊನ್ನೆ, ಅಲ್ಗಾರಿದಮ್ಸ್‌ಗೂ ಮಷೀನ್ ಲರ್ನಿಂಗ್‌ಗೂ ಎರಡೆರಡು, ಉಳಿದವಕ್ಕೆ ಒಂದೊಂದು. ಸೊನ್ನೆ ಇರುವ ಒಂದನ್ನು ಎತ್ತಿಕೊಂಡು ಪಟ್ಟಿಗೆ ಸೇರಿಸಿ, ಅದರಿಂದ ಹೊರಡುವ ಬಾಣಗಳನ್ನು ಅಳಿಸಿ, ಆ ಬಾಣಗಳು ಮುಟ್ಟುತ್ತಿದ್ದ ಕೋರ್ಸ್‌ಗಳ ಸಂಖ್ಯೆಯಲ್ಲಿ ಒಂದೊಂದು ಕಳೆಯಿರಿ. ಪ್ರೋಗ್ರಾಮಿಂಗ್ ಎತ್ತಿದರೆ ಡೇಟಾ ಸ್ಟ್ರಕ್ಚರ್ಸ್ ಸೊನ್ನೆಗೆ ಬರುತ್ತದೆ. ಡಿಸ್ಕ್ರೀಟ್ ಗಣಿತ ಎತ್ತಿದರೆ ಅಲ್ಗಾರಿದಮ್ಸ್ ಎರಡರಿಂದ ಒಂದಕ್ಕೆ ಇಳಿಯುತ್ತದೆ, ಇನ್ನೂ ಕಾಯಬೇಕು. ಕ್ಯಾಲ್ಕುಲಸ್ ಎತ್ತಿದರೆ ಸಂಭವನೀಯತೆ ಬಿಡುಗಡೆಯಾಗುತ್ತದೆ. ಆಮೇಲೆ ಡೇಟಾ ಸ್ಟ್ರಕ್ಚರ್ಸ್ ಎತ್ತಿದ ಕೂಡಲೇ ಅಲ್ಗಾರಿದಮ್ಸ್, ಡೇಟಾಬೇಸ್ ಎರಡೂ ಸೊನ್ನೆ. ಹೀಗೇ ಮುಂದುವರಿದರೆ ಮಷೀನ್ ಲರ್ನಿಂಗ್ ಕೊನೆಗೆ ಬಂದು ಪಟ್ಟಿ ಮುಗಿಯುತ್ತದೆ. ಪ್ರತಿ ಕೋರ್ಸನ್ನು ಒಮ್ಮೆ ಎತ್ತಿದ್ದೇವೆ, ಪ್ರತಿ ಬಾಣವನ್ನು ಒಮ್ಮೆ ಅಳಿಸಿದ್ದೇವೆ. ಕೆಲಸ ಅಷ್ಟೇ, ಆದ್ದರಿಂದ ಸಾವಿರಾರು ಕೋರ್ಸ್‌ಗಳಿದ್ದರೂ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಪ್ರತಿ ಹಂತದಲ್ಲೂ ಸೊನ್ನೆ ಇರುವ ಕೋರ್ಸ್ ಒಂದಾದರೂ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಎಲ್ಲಿಂದ ಬಂತು? ಉಳಿದ ಯಾವುದಾದರೂ ಕೋರ್ಸ್‌ನಿಂದ ಶುರುಮಾಡಿ ಬಾಣದ ಹಿಮ್ಮುಖವಾಗಿ ನಡೆಯಿರಿ: ಇದಕ್ಕೆ ಯಾವುದು ಬೇಕು, ಅದಕ್ಕೆ ಮತ್ತೆ ಯಾವುದು ಬೇಕು ಎಂದು. ಕೋರ್ಸ್‌ಗಳ ಸಂಖ್ಯೆಗೆ ಮಿತಿ ಇದೆ. ಹಾಗಾಗಿ ಒಂದೋ ಏನೂ ಬೇಡದ ಕೋರ್ಸ್‌ಗೆ ಬಂದು ನಿಲ್ಲುತ್ತೀರಿ, ಇಲ್ಲವೇ ಆಗಲೇ ನೋಡಿದ ಕೋರ್ಸ್ ಮತ್ತೆ ಎದುರಾಗುತ್ತದೆ. ಎರಡನೆಯದು ಆಗುವುದು ಚಕ್ರವಿದ್ದರೆ ಮಾತ್ರ.

ಚಕ್ರ ಹುಟ್ಟುವುದಕ್ಕೆ ಯಾರೂ ಅಜಾಗರೂಕರಾಗಿರಬೇಕಿಲ್ಲ. ಸಿಲಬಸ್ ಪರಿಷ್ಕರಣೆಯ ಸಮಯ ಎಂದುಕೊಳ್ಳಿ. ಕ್ವಿಕ್‌ಸಾರ್ಟ್‌ನ ಸರಾಸರಿ ವೇಗ ಲೆಕ್ಕಹಾಕಬೇಕು, ಅಲ್ಗಾರಿದಮ್ಸ್‌ಗೆ ಸಂಭವನೀಯತೆ ಬೇಕು ಎನ್ನುತ್ತಾರೆ ಒಬ್ಬರು. ಇಂಡೆಕ್ಸಿಂಗ್ ಅರ್ಥವಾಗಬೇಕಾದರೆ ಡೇಟಾಬೇಸ್‌ಗೆ ಅಲ್ಗಾರಿದಮ್ಸ್ ಬೇಕು ಎನ್ನುತ್ತಾರೆ ಇನ್ನೊಬ್ಬರು. ಗಣಿತ ವಿಭಾಗದವರು, ನಮ್ಮ ಪ್ರಾಜೆಕ್ಟ್‌ಗೆ ನಿಜವಾದ ಡೇಟಾ ತೆಗೆಯಬೇಕು, ಸಂಭವನೀಯತೆಗೆ ಡೇಟಾಬೇಸ್ ಇರಲಿ ಎನ್ನುತ್ತಾರೆ. ಮೂರೂ ನ್ಯಾಯವಾದ ಮಾತೇ. ಮೂರೂ ಸೇರಿದಾಗ ಯಾರೂ ಆ ಮೂರರಲ್ಲಿ ಒಂದನ್ನೂ ಶುರುಮಾಡಲಾಗದ ಪಠ್ಯಕ್ರಮ ತಯಾರಾಗುತ್ತದೆ. ಕಾನ್ ವಿಧಾನ ನಡೆಸಿದರೆ ನಾಲ್ಕು ಕೋರ್ಸ್ ಹೊರಬಂದು ಕೆಲಸ ನಿಂತುಬಿಡುತ್ತದೆ. ಕೋರ್ಸ್ ಉಳಿದಿದೆ, ಸೊನ್ನೆ ಉಳಿದಿಲ್ಲ ಎಂದರೆ ಚಕ್ರವಿದೆ ಎಂದೇ ಅರ್ಥ. ಆದರೆ ಉಳಿದ ನಾಲ್ಕೂ ತಪ್ಪಿತಸ್ಥರಲ್ಲ. ಮಷೀನ್ ಲರ್ನಿಂಗ್ ಚಕ್ರದ ಒಳಗಿಲ್ಲ, ಅದರ ಹಿಂದೆ ಸಿಕ್ಕಿಕೊಂಡಿದೆ ಅಷ್ಟೇ. ಅಲ್ಲಿಂದ ಹಿಮ್ಮುಖವಾಗಿ ನಡೆಯಿರಿ: ಸಂಭವನೀಯತೆ, ಡೇಟಾಬೇಸ್, ಅಲ್ಗಾರಿದಮ್ಸ್, ಮತ್ತೆ ಸಂಭವನೀಯತೆ. ಚಕ್ರ ಕೈಗೆ ಸಿಕ್ಕಿತು. ಪೈಥಾನ್‌ನ `graphlib` ಕೂಡ ಇಂಥ ಕಡೆ `CycleError` ಎಂದು ಕೂಗಿ, ಸಿಕ್ಕ ಚಕ್ರವನ್ನೂ ಜೊತೆಗೇ ಕೊಡುತ್ತದೆ.

ಮೂರರಲ್ಲಿ ಯಾವ ಬಾಣ ತೆಗೆದರೂ ಚಕ್ರ ಒಡೆಯುತ್ತದೆ. ಹಾಗೆಂದು ಯಾವುದನ್ನಾದರೂ ತೆಗೆದರೆ ಆಗದು. ಮೊದಲನೆಯದನ್ನು, ಅಂದರೆ ಅಲ್ಗಾರಿದಮ್ಸ್‌ಗೆ ಸಂಭವನೀಯತೆ ಬೇಕೆಂಬುದನ್ನು ತೆಗೆದರೆ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್ಸ್, ಡೇಟಾಬೇಸ್, ಸಂಭವನೀಯತೆ, ಮಷೀನ್ ಲರ್ನಿಂಗ್ ಎಂದು ಆರು ಕೋರ್ಸ್‌ಗಳ ಸರಪಳಿ ಉಳಿಯುತ್ತದೆ. ಒಂದಾದ ಮೇಲೆ ಒಂದನ್ನು ಓದಲೇಬೇಕಾದ್ದರಿಂದ ಎಂಥ ಜಾಣ ವಿದ್ಯಾರ್ಥಿಗೂ ಆರು ಸೆಮಿಸ್ಟರ್ ಬೇಕು. ಗಣಿತದವರ ಬಾಣ ತೆಗೆದರೆ ಅತಿ ಉದ್ದದ ಸರಪಳಿ ನಾಲ್ಕೇ. ಪ್ರಾಜೆಕ್ಟ್‌ಗೆ ಬೇಕಾದಷ್ಟು ಡೇಟಾಬೇಸನ್ನು ಲ್ಯಾಬ್‌ನಲ್ಲೇ ಹೇಳಿಕೊಟ್ಟರಾಯಿತು. ನನಗಂತೂ ಈ ಲೆಕ್ಕವನ್ನು ಬೋರ್ಡ್ ಆಫ್ ಸ್ಟಡೀಸ್ ಸಭೆಯ ಮೊದಲೇ ಮಾಡಬೇಕು ಅನ್ನಿಸುತ್ತದೆ. ಸಭೆಯಲ್ಲಿ ಪ್ರತಿ ಕೋರ್ಸ್ ಬೇರೆಯಾಗಿ ಚರ್ಚೆಗೆ ಬರುತ್ತದೆ, ಸರಪಳಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಮೊದಲಿನ ಏಳು ಬಾಣಗಳ ಚಿತ್ರಕ್ಕೇ ಹೋಗೋಣ, ಸೆಮಿಸ್ಟರ್‌ಗೆ ಎರಡೇ ಕೋರ್ಸ್ ಎಂಬ ಮಿತಿ ಹಾಕೋಣ. “ಮೇಡಂ, ಮ್ಯಾಥ್ಸ್ ಎಲ್ಲಾ ಮೊದಲೇ ಮುಗಿಸಿಬಿಟ್ರೆ ಆರಾಮ ಅಲ್ವಾ, ಪ್ರೋಗ್ರಾಮಿಂಗ್ ಆಮೇಲೆ ತಗೋತೀನಿ” ಎಂದು ಕೇಳುವ ಹುಡುಗರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ನಿಯಮದ ಪ್ರಕಾರ ಅದರಲ್ಲಿ ತಪ್ಪಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಡಿಸ್ಕ್ರೀಟ್ ಗಣಿತ, ಕ್ಯಾಲ್ಕುಲಸ್. ಎರಡರಲ್ಲಿ ಪ್ರೋಗ್ರಾಮಿಂಗ್, ಸಂಭವನೀಯತೆ. ಮೂರರಲ್ಲಿ ತೆಗೆದುಕೊಳ್ಳಲು ಡೇಟಾ ಸ್ಟ್ರಕ್ಚರ್ಸ್ ಒಂದೇ ಇದೆ, ಒಂದು ಜಾಗ ಖಾಲಿ. ನಾಲ್ಕರಲ್ಲಿ ಅಲ್ಗಾರಿದಮ್ಸ್, ಡೇಟಾಬೇಸ್. ಮಷೀನ್ ಲರ್ನಿಂಗ್ ಐದಕ್ಕೆ ಹೋಯಿತು. ಮೊದಲೇ ಪ್ರೋಗ್ರಾಮಿಂಗ್ ಮತ್ತು ಡಿಸ್ಕ್ರೀಟ್ ಗಣಿತ, ಆಮೇಲೆ ಡೇಟಾ ಸ್ಟ್ರಕ್ಚರ್ಸ್ ಮತ್ತು ಕ್ಯಾಲ್ಕುಲಸ್, ಮೂರರಲ್ಲಿ ಅಲ್ಗಾರಿದಮ್ಸ್ ಮತ್ತು ಸಂಭವನೀಯತೆ ತೆಗೆದುಕೊಂಡಿದ್ದರೆ ನಾಲ್ಕರಲ್ಲಿ ಎಲ್ಲ ಮುಗಿಯುತ್ತಿತ್ತು. ಪ್ರೋಗ್ರಾಮಿಂಗ್ ಮತ್ತು ಅಲ್ಗಾರಿದಮ್ಸ್ ಬೆಸ ಸೆಮಿಸ್ಟರ್‌ನಲ್ಲಿ, ಡೇಟಾ ಸ್ಟ್ರಕ್ಚರ್ಸ್ ಮತ್ತು ಮಷೀನ್ ಲರ್ನಿಂಗ್ ಸಮ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುವ ಕಾಲೇಜಾದರೆ ನಷ್ಟ ಇನ್ನೂ ಹೆಚ್ಚು: ಪ್ರೋಗ್ರಾಮಿಂಗ್ ಮೂರಕ್ಕೆ ಹೋಗಿ ಮಷೀನ್ ಲರ್ನಿಂಗ್ ಆರರಲ್ಲಿ ಮುಗಿಯುತ್ತದೆ. ಇಡೀ ಒಂದು ವರ್ಷ ಹೋಯಿತು.

ಇದರಿಂದ ತಪ್ಪಿಸಿಕೊಳ್ಳಲು ಪ್ರತಿ ಕೋರ್ಸ್‌ಗೂ ಇನ್ನೊಂದು ಸಂಖ್ಯೆ ಕೊಡಿ: ತನ್ನನ್ನೂ ಸೇರಿಸಿ ತನ್ನಿಂದ ಮುಂದಕ್ಕೆ ಎಷ್ಟು ಉದ್ದದ ಸರಪಳಿ ಇದೆ ಎಂದು. ಟೋಪೋಲಾಜಿಕಲ್ ಪಟ್ಟಿಯನ್ನು ಕೊನೆಯಿಂದ ಓದುತ್ತಾ ಬಂದರೆ ಇದು ತಾನಾಗಿ ಸಿಗುತ್ತದೆ. ಮಷೀನ್ ಲರ್ನಿಂಗ್‌ಗೆ 1, ಅಲ್ಗಾರಿದಮ್ಸ್‌ಗೆ 2, ಡೇಟಾ ಸ್ಟ್ರಕ್ಚರ್ಸ್‌ಗೆ 3, ಪ್ರೋಗ್ರಾಮಿಂಗ್‌ಗೆ 4. ಡಿಸ್ಕ್ರೀಟ್ ಗಣಿತಕ್ಕೂ ಕ್ಯಾಲ್ಕುಲಸ್‌ಗೂ ಮೂರೇ. ಸಿದ್ಧವಿರುವ ಕೋರ್ಸ್‌ಗಳಲ್ಲಿ ದೊಡ್ಡ ಸಂಖ್ಯೆಯದನ್ನು ಮೊದಲು ಎತ್ತಿಕೊಳ್ಳಿ. ನಮ್ಮ ಚಿತ್ರದಲ್ಲಿ ಅಷ್ಟು ಮಾಡಿದರೆ ನಾಲ್ಕು ಸೆಮಿಸ್ಟರ್ ಖಾತ್ರಿ.

ಎಲ್ಲ ಚಿತ್ರಗಳಿಗೂ ಈ ನಿಯಮವೊಂದೇ ಸಾಲದು, ಒಂದಕ್ಕಿಂತ ಹೆಚ್ಚು ಕೋರ್ಸ್‌ಗಳಿಗೆ ಒಂದೇ ಸಂಖ್ಯೆ ಬಂದಾಗ ಯಾವುದನ್ನು ಎತ್ತಬೇಕೆಂಬುದೂ ಮುಖ್ಯವಾಗುತ್ತದೆ. ಸೆಮಿಸ್ಟರ್‌ಗೆ ಎರಡು ಕೋರ್ಸ್ ಎಂಬ ಮಿತಿಗೆ ಕಾಫ್‌ಮನ್ ಮತ್ತು ಗ್ರಹಾಂ 1972ರಲ್ಲಿ ಅದನ್ನು ಪರಿಪೂರ್ಣವಾಗಿ ಬಗೆಹರಿಸಿದರು. ಮಿತಿ ಎಷ್ಟು ಬೇಕಾದರೂ ಇರಬಹುದು ಎಂದಾದರೆ ಸಮಸ್ಯೆ ಎನ್‌ಪಿ-ಕಂಪ್ಲೀಟ್ ಎಂದು ಉಲ್ಮನ್ 1975ರಲ್ಲಿ ತೋರಿಸಿದರು, ಅಂದರೆ ಅದಕ್ಕೆ ವೇಗದ ವಿಧಾನ ಸಿಗುವ ಆಸೆ ಬಹಳ ಕಡಿಮೆ. ನಡುವೆ ಇರುವ ಮೂರರ ಕಥೆ ಬೇರೆ. ಸೆಮಿಸ್ಟರ್‌ಗೆ ಹೆಚ್ಚೆಂದರೆ ಮೂರು ಕೋರ್ಸ್ ಎಂದಾಗ ಅತಿ ಕಡಿಮೆ ಸೆಮಿಸ್ಟರ್‌ಗಳ ಯೋಜನೆಯನ್ನು ಯಾವಾಗಲೂ ಬೇಗ ಹುಡುಕಿಕೊಡುವ ವಿಧಾನ ಇದೆಯೇ ಇಲ್ಲವೇ ಎಂಬುದು ಗಣಿತಕ್ಕೆ ಇನ್ನೂ ಉತ್ತರ ಸಿಗದ ಪ್ರಶ್ನೆ.