ಬೆಳಗ್ಗೆ 7ಕ್ಕೆ ಬ್ರೆಡ್ ಬೇಕಾದರೆ ಹಿಟ್ಟು ಕಲಸುವುದು ಎಷ್ಟೊತ್ತಿಗೆ?

ಬೇಕರಿಯ ಬಾಗಿಲು ಬೆಳಗ್ಗೆ 7ಕ್ಕೆ ತೆರೆಯುತ್ತದೆ. ಅಷ್ಟರಲ್ಲಿ 800 ಗ್ರಾಂ ತೂಕದ 40 ಬ್ರೆಡ್‌ಗಳು ಸ್ಲೈಸ್ ಆಗಿ, ಪ್ಯಾಕ್ ಆಗಿ ಕಪಾಟಿನಲ್ಲಿರಬೇಕು. ಜೊತೆಗೆ ಒಂದು ಓವನ್ ತುಂಬುವಷ್ಟು ಬನ್ ಕೂಡ ಬೇಕು. ಇರುವುದು ಒಂದೇ ಓವನ್, ಅದರಲ್ಲಿ ಒಮ್ಮೆಗೆ ಹಿಡಿಯುವುದು 20 ಬ್ರೆಡ್. ಕೆಲಸ ಮಾಡುವವರು ಒಬ್ಬರೇ. ಹಾಗಾದರೆ ಅವರು ಎಷ್ಟು ಗಂಟೆಗೆ ಬರಬೇಕು?

ರಾತ್ರಿ 1ಕ್ಕೆ ಶುರು ಮಾಡಿ ಎಲ್ಲಿಗೆ ಮುಟ್ಟುತ್ತದೋ ನೋಡೋಣ ಎಂದು ಮುಂದಕ್ಕೆ ಲೆಕ್ಕ ಹಾಕಿದರೆ, ತಪ್ಪು ಗೊತ್ತಾಗುವುದು ಗಿರಾಕಿ ಎದುರು ನಿಂತಾಗ. ಅದಕ್ಕೇ 7 ಗಂಟೆಯಿಂದ ಹಿಂದಕ್ಕೆ ನಡೆಯಬೇಕು. ಹಾಗೆ ನಡೆದರೆ ಮೊದಲು ಎದುರಾಗುವುದು ಓವನ್ ಅಲ್ಲ, ತಣಿಯುವ ಸಮಯ. ಹೊಸಬರು ಮರೆಯುವುದೂ ಇದನ್ನೇ.

ಓವನ್‌ನಿಂದ ಹೊರಬಂದಾಗ ಬ್ರೆಡ್ಡಿನ ನಡುಭಾಗ ಸುಮಾರು 97 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಳಗಿನ ಪಿಷ್ಟ ನೀರು ಹೀರಿ ಉಬ್ಬಿ ಇನ್ನೂ ಮೆತ್ತಗಿರುತ್ತದೆ. ತಣಿದ ಮೇಲೆಯೇ ಅದು ಬಿಗಿದು ರಚನೆ ಹಿಡಿಯುವುದು. ಅದಕ್ಕೂ ಮೊದಲು ಕತ್ತರಿಸಿದರೆ ಬ್ಲೇಡಿಗೆ ಅಂಟು ಮೆತ್ತಿಕೊಳ್ಳುತ್ತದೆ, ಬ್ರೆಡ್ಡಿನ ಪಕ್ಕಗಳು ಒಳಕ್ಕೆ ಕುಸಿಯುತ್ತವೆ. ಬಿಸಿಯಲ್ಲೇ ಪ್ಯಾಕ್ ಮಾಡಿದರೆ ಚೀಲದ ಒಳಮೈಯಲ್ಲಿ ನೀರಹನಿ ಕಟ್ಟುತ್ತದೆ, ಬೂಸಲು ಬೇಗ ಬರುತ್ತದೆ. ನಡುಭಾಗ ಸುಮಾರು 35 ಡಿಗ್ರಿಗೆ ಇಳಿದ ಮೇಲೆ ಸ್ಲೈಸ್ ಮಾಡುವುದು ಕ್ಷೇಮ. ಅಚ್ಚಿನಿಂದ ಕೂಡಲೇ ತೆಗೆದು, ನಡುವೆ ಗಾಳಿಯಾಡುವಂತೆ ತಂತಿಯ ರ್‍ಯಾಕ್ ಮೇಲಿಟ್ಟರೆ, 25 ಡಿಗ್ರಿಯ ಕೋಣೆಯಲ್ಲಿ ಇದಕ್ಕೆ 2 ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ.

ಈಗ ಹಿಂದಕ್ಕೆ ಹೋಗೋಣ. ಸ್ಲೈಸ್ ಮತ್ತು ಪ್ಯಾಕಿಂಗ್‌ಗೆ 20 ನಿಮಿಷ ಬೇಕು. 6:50ಕ್ಕೆ ಅದು ಮುಗಿಯಬೇಕಾದರೆ 6:30ಕ್ಕೆ ಮೊದಲ ಬ್ಯಾಚನ್ನೂ 6:40ಕ್ಕೆ ಎರಡನೆಯದನ್ನೂ ಕೈಗೆತ್ತಿಕೊಳ್ಳಬೇಕು. ಅಂದರೆ ಎರಡನೇ ಬ್ಯಾಚ್ 4:40ಕ್ಕೆ ಓವನ್‌ನಿಂದ ಹೊರಗಿರಬೇಕು. ಬೇಯಲು 35 ನಿಮಿಷ ಎಂದರೆ ಅದು 4:05ಕ್ಕೆ ಒಳಗೆ ಹೋಗಬೇಕು. ಮೊದಲ ಬ್ಯಾಚ್ 4:30ಕ್ಕೆ ಹೊರಬಂದರೂ ಸಾಕಿತ್ತು, ಆದರೆ ಓವನ್ ಒಂದೇ. ಖಾಲಿ ಮಾಡಿ, ಮತ್ತೆ ಶಾಖ ಏರಿಸಿ, ತುಂಬಲು 15 ನಿಮಿಷ ಬೇಕಾದ್ದರಿಂದ ಮೊದಲನೆಯದು 3:50ಕ್ಕೇ ಹೊರಬರಬೇಕು, 3:15ಕ್ಕೆ ಒಳಗಿರಬೇಕು. ಅಚ್ಚಿನಲ್ಲಿ ಕೊನೆಯ ಸಲ ಉಬ್ಬಲು 60 ನಿಮಿಷ, ಭಾಗ ಮಾಡಿ ಆಕಾರ ಕೊಡಲು 30, ಮೊದಲ ಸಲ ಉಬ್ಬಲು 75, ಕಲಸಲು 15, ತೂಗಲು 15. ಎಲ್ಲ ಕಳೆದರೆ ಬಂದು ನಿಲ್ಲುವುದು ರಾತ್ರಿ ಸರಿಯಾಗಿ 12ಕ್ಕೆ.

ಬನ್ ಯಾವಾಗ? ಮೊದಲು ಅದನ್ನು ಬೇಯಿಸಿ ಮುಗಿಸಿಬಿಡೋಣ, 15 ನಿಮಿಷದ ಕೆಲಸ ತಾನೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದಕ್ಕೆ 1955ರಲ್ಲೇ ಜೇಮ್ಸ್ ಜಾಕ್ಸನ್ ಎಂಬ ಗಣಿತಜ್ಞ ಉತ್ತರ ಕೊಟ್ಟಿದ್ದಾರೆ: ಯಂತ್ರ ಒಂದೇ ಇದ್ದು ಕೆಲಸಗಳೆಲ್ಲ ಸಿದ್ಧವಿದ್ದರೆ, ಯಾವುದರ ಗಡುವು ಮೊದಲೋ ಅದನ್ನೇ ಮೊದಲು ಮಾಡಿದರೆ ಅತಿ ಹೆಚ್ಚಿನ ವಿಳಂಬ ಕನಿಷ್ಠವಾಗುತ್ತದೆ. ಇಲ್ಲಿ ಗಡುವು 7 ಗಂಟೆಯಲ್ಲ, ಓವನ್‌ನಿಂದ ಹೊರಬರಬೇಕಾದ ಹೊತ್ತು. ಬನ್ನಿಗೆ ತಣಿಯಲು 35 ನಿಮಿಷ ಸಾಕು, ಆದ್ದರಿಂದ 6:10ಕ್ಕೆ ಹೊರಬಂದರೂ 6:45ಕ್ಕೆ ಸಿದ್ಧ. ಹೆಚ್ಚು ಹೊತ್ತು ತಣಿಯಬೇಕಾದದ್ದು ಮೊದಲು ಓವನ್‌ಗೆ ಹೋಗಬೇಕು. ಬೇಯುವ ಹೊತ್ತು ಎಷ್ಟು ಎಂಬುದು ಈ ಸರದಿಯನ್ನು ನಿರ್ಧರಿಸುವುದಿಲ್ಲ. ಹೀಗಾಗಿ ಬನ್ 5:55ಕ್ಕೆ ಒಳಗೆ. ಅದರ ಆಕಾರದ ಕೆಲಸವನ್ನು ನಾನು 4:45ಕ್ಕೆ ಇಡುತ್ತೇನೆ, ಏಕೆಂದರೆ 4:40ಕ್ಕೆ ಆ ಎರಡೇ ಕೈಗಳು ಬ್ರೆಡ್ ಹೊರತೆಗೆಯುತ್ತಿರುತ್ತವೆ.

ಜಾಕ್ಸನ್ ನಿಯಮ ಕೆಲಸಗಳೆಲ್ಲ ಸಿದ್ಧವಿವೆ ಎಂದುಕೊಳ್ಳುತ್ತದೆ. ಕಲಸಿದ ಹಿಟ್ಟು ಹಾಗಲ್ಲ, ಅದು ಜೀವಂತ. 40 ಬ್ರೆಡ್ಡಿನ ಹಿಟ್ಟನ್ನು ಒಟ್ಟಿಗೇ ಕಲಸಿದರೆ, ಮೊದಲ 20 ಬೇಯುವ ಹೊತ್ತಿಗೆ ಉಳಿದ 20 ಅಚ್ಚಿನಲ್ಲೇ 50 ನಿಮಿಷ ಹೆಚ್ಚು ಉಬ್ಬುತ್ತವೆ. ಅಂಥ ಹಿಟ್ಟನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಗುಳಿ ಮೇಲೇಳುವುದೇ ಇಲ್ಲ. ಸರಿಯಾಗಿ ಉಬ್ಬಿದ್ದರಲ್ಲಿ ಗುಳಿ ನಿಧಾನವಾಗಿ ಅರೆಬರೆ ತುಂಬಿಕೊಳ್ಳುತ್ತದೆ. ಮೀರಿ ಉಬ್ಬಿದ್ದು ಓವನ್‌ನಲ್ಲಿ ಏರುವ ಬದಲು ಕುಸಿಯುತ್ತದೆ. ಆದ್ದರಿಂದ ಎರಡನೇ ಬ್ಯಾಚಿನ ಹಿಟ್ಟನ್ನು 50 ನಿಮಿಷ ತಡವಾಗಿ, 1:05ಕ್ಕೆ ಕಲಸಬೇಕು.

ಇದೇ ಕಾರಣಕ್ಕೆ, ಏನಾದರೂ ಹೆಚ್ಚುಕಮ್ಮಿಯಾದೀತು ಎಂದು ಇಡುವ ಬಿಡುವಿನ ಸಮಯವನ್ನು ಓವನ್‌ಗೆ ಮುಂಚೆ ಇಡಬಾರದು. ಅಲ್ಲಿ ಕಾಯುವ ಪ್ರತಿ ನಿಮಿಷವೂ ಹಿಟ್ಟನ್ನು ಕೆಡಿಸುತ್ತದೆ. ರ್‍ಯಾಕ್ ಮೇಲೆ ಇನ್ನೂ 20 ನಿಮಿಷ ಕೂತರೆ ಈ ಬ್ರೆಡ್ಡಿಗೆ ಏನೂ ಆಗುವುದಿಲ್ಲ. ಮೊದಲ ಬ್ಯಾಚಿಗೆ ತಾನಾಗಿಯೇ 40 ನಿಮಿಷದ ಬಿಡುವಿದೆ, ಎರಡನೆಯದಕ್ಕೆ ಒಂದು ನಿಮಿಷವೂ ಇಲ್ಲ. ಹಾಗಾಗಿ ಬ್ರೆಡ್ಡಿನ ಸಾಲನ್ನು ಇಡಿಯಾಗಿ 20 ನಿಮಿಷ ಹಿಂದಕ್ಕೆ ಎಳೆದು 11:40ಕ್ಕೆ ಶುರು ಮಾಡುವುದು ಒಳ್ಳೆಯದು.

ಇದೆಲ್ಲ 25 ಡಿಗ್ರಿಯ ಕೋಣೆಯ ಲೆಕ್ಕ. ಕೋಣೆ 30 ಡಿಗ್ರಿಗೆ ಏರಿದರೆ? ತಣಿಯುವ ವೇಗ ಬ್ರೆಡ್ಡಿಗೂ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನ್ಯೂಟನ್ ನಿಯಮದಂತೆ ಆ ಅಂತರ ಸಮಾನ ಅವಧಿಗಳಲ್ಲಿ ಅರ್ಧರ್ಧವಾಗುತ್ತ ಹೋಗುತ್ತದೆ. 25 ಡಿಗ್ರಿಯಲ್ಲಿ ಅಂತರ 72ರಿಂದ 10ಕ್ಕೆ ಇಳಿಯಲು 2 ಗಂಟೆ ಎಂದರೆ, ಅದು ಅರ್ಧವಾಗಲು ಸುಮಾರು 42 ನಿಮಿಷ. 30 ಡಿಗ್ರಿಯಲ್ಲಿ ಅಂತರ 67ರಿಂದ 5ಕ್ಕೆ ಇಳಿಯಬೇಕು. ಅದಕ್ಕೆ ಸುಮಾರು 2 ಗಂಟೆ 40 ನಿಮಿಷ! ಕೋಣೆ ಬರೀ 5 ಡಿಗ್ರಿ ಬಿಸಿಯಾದರೆ 40 ನಿಮಿಷ ಹೆಚ್ಚು. ಓವನ್‌ನ ಸಮಯಗಳೂ ಅಷ್ಟೇ ಹಿಂದಕ್ಕೆ ಸರಿಯಬೇಕು.

ಅದೇ ಸೆಕೆಯಲ್ಲಿ ಈಸ್ಟ್ ಚುರುಕಾಗಿ, ಹಿಟ್ಟು ಹೇಳಿದ್ದಕ್ಕಿಂತ ಬೇಗ ಉಬ್ಬಿಬಿಡುತ್ತದೆ. ಅದನ್ನು ಹದದಲ್ಲಿಡುವ ಹಿಡಿ ಇರುವುದು ನೀರಿನಲ್ಲಿ. ಕಲಸಿದ ಹಿಟ್ಟು 26 ಡಿಗ್ರಿ ಇರಬೇಕಾದರೆ, 26ನ್ನು ಮೂರರಿಂದ ಗುಣಿಸಿ, ಅದರಿಂದ ಮೈದಾದ ಉಷ್ಣತೆ, ಕೋಣೆಯ ಉಷ್ಣತೆ ಮತ್ತು ಮಿಕ್ಸರ್‌ನ ತಿಕ್ಕಾಟದಿಂದ ಏರುವ ಶಾಖವನ್ನು ಕಳೆಯಬೇಕು. ಮೈದಾ ಮತ್ತು ಕೋಣೆ ತಲಾ 25, ತಿಕ್ಕಾಟದ್ದು 8 ಇದ್ದರೆ ನೀರು 20 ಡಿಗ್ರಿ ಇರಬೇಕು. ಎರಡೂ 30 ಆದರೆ 10 ಡಿಗ್ರಿಯ ತಣ್ಣೀರು ಬೇಕು.

ನ್ಯೂಟನ್ ಲೆಕ್ಕ ಅಂದಾಜು ಮಾತ್ರ. ಹೊರಪದರದಿಂದ ಆವಿ ಹೋಗುವಾಗ ಶಾಖ ಇನ್ನೂ ಬೇಗ ಇಳಿಯುತ್ತದೆ, ರ್‍ಯಾಕ್ ಒತ್ತೊತ್ತಾಗಿ ತುಂಬಿದ್ದರೆ ನಿಧಾನವಾಗಿ. ಅದಕ್ಕೇ ಎರಡನೇ ಬ್ಯಾಚ್ ಹೊರಬಂದು ಒಂದು ಗಂಟೆಯಾದಾಗ ಒಂದು ಬ್ರೆಡ್ಡಿನ ನಡುವಿಗೆ ಥರ್ಮಾಮೀಟರ್ ಚುಚ್ಚಿ ನೋಡಬೇಕು. 25 ಡಿಗ್ರಿಯ ಕೋಣೆಯಲ್ಲಿ ಅದು 52ರ ಆಸುಪಾಸು ತೋರಿಸಬೇಕು. 60 ತೋರಿಸಿದರೆ ಅಂತರ ಅರ್ಧವಾಗಲು ಹೆಚ್ಚುಕಮ್ಮಿ ಒಂದು ಗಂಟೆಯೇ ಹಿಡಿದಿದೆ, ಪೂರ್ತಿ ತಣಿಯಲು 2 ಗಂಟೆ 45 ನಿಮಿಷ ಬೇಕು ಎಂದರ್ಥ. ಬಿಡುವಿನ 20 ನಿಮಿಷ ಇದ್ದರೂ ಅದು 7ರೊಳಗೆ ಆಗುವ ಮಾತಲ್ಲ. ಆಗ ಬಾಗಿಲು ತೆರೆಯುವಾಗ ಮೊದಲ ಬ್ಯಾಚಿನ 20 ಬ್ರೆಡ್‌ಗಳನ್ನಷ್ಟೇ ಇಟ್ಟು, ಉಳಿದವನ್ನು ರ್‍ಯಾಕ್ ಮೇಲೇ ಬಿಟ್ಟು 7:10ರ ಹೊತ್ತಿಗೆ ಸ್ಲೈಸ್ ಮಾಡಬೇಕು.