ಒಡೆದ ಗಾಜು ಒತ್ತಿದ ಅಕ್ಷರಗಳು

ಅಕ್ಕನಿಗೆ ‘ನಾಳೆ ಬರುತ್ತೇನೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಕಳುಹಿಸಿದ್ದೆ. ಆಕೆಗೆ ತಲುಪಿದ್ದು ಹೀಗಿತ್ತು:

```
naaleool baruoollttene
```

ನಿದ್ದೆಗಣ್ಣಿನಲ್ಲಿ ಟೈಪ್ ಮಾಡಿದೆಯಾ ಎಂದು ಆಕೆ ಕೇಳಿದಳು. ನನಗೆ ನಿದ್ದೆ ಬಂದಿರಲಿಲ್ಲ. ಎರಡು ದಿನದ ಹಿಂದೆ ಫೋನು ಕೈಜಾರಿ ಬಿದ್ದು, ಬಲಗಡೆಯ ಕೆಳಮೂಲೆಯಿಂದ ಒಂದು ಬಿರುಕು ಓರೆಯಾಗಿ ಮೇಲಕ್ಕೆ ಹಬ್ಬಿತ್ತು. ರಿಪೇರಿ ಅಂಗಡಿಯವರು ಇದನ್ನು ‘ಆಟೋ ಟಚ್’ ಎನ್ನುತ್ತಾರೆ. ಯಾರೂ ಮುಟ್ಟದೆ ಪರದೆ ತನ್ನಷ್ಟಕ್ಕೆ ತಾನೇ ಮುಟ್ಟಿಸಿಕೊಳ್ಳುವ ಕಾಯಿಲೆ ಇದು. ಆದರೆ ಅಕ್ಕನ ಅನುಮಾನ ನ್ಯಾಯವಾದದ್ದೇ. ಕಣ್ಣಿಗೆ ಕಂಡ ಅಕ್ಷರಗಳಿಂದಷ್ಟೇ ಇದು ಬೆರಳಿನ ತಪ್ಪೋ ಗಾಜಿನ ತಪ್ಪೋ ಎಂದು ಹೇಳಬಹುದೆ? ಬಹಳ ಮಟ್ಟಿಗೆ ಹೇಳಬಹುದು. ಬೆರಳು ತಪ್ಪುವ ರೀತಿ ಬೇರೆ, ಪರದೆ ತಪ್ಪುವ ರೀತಿ ಬೇರೆ.

ಮೇಲಿನ ಸಾಲಿನಲ್ಲಿ ಬೇಡದ ಅಕ್ಷರಗಳು ಏಳು. ಏಳೂ o ಅಥವಾ l. ಇಪ್ಪತ್ತಾರು ಅಕ್ಷರಗಳ ಚೀಟಿ ಮಾಡಿ, ಎತ್ತಿದ್ದನ್ನು ಮತ್ತೆ ಹಾಕುತ್ತಾ ಏಳು ಬಾರಿ ಎತ್ತಿದರೆ, ಏಳು ಸಲವೂ ಈ ಎರಡರಲ್ಲೊಂದೇ ಬರುವ ಸಂಭವ ಸುಮಾರು 6 ಕೋಟಿ 27 ಲಕ್ಷದಲ್ಲಿ ಒಂದು. ಹಾಗಾದರೆ ಇದು ಮನಬಂದಂತೆ ಬಿದ್ದ ಕಸವಲ್ಲ. ಫೋನಿನ ಕೀಲಿಮಣೆಯನ್ನು ನೋಡಿದರೆ o ಮೇಲಿನ ಸಾಲಿನ ಬಲಗಡೆ ಇದೆ, l ಅದರ ಕೆಳಗಿನ ಸಾಲಿನಲ್ಲಿ ತುಸು ಬಲಕ್ಕಿದೆ, ಅದರ ಕೆಳಗೆ ಅಳಿಸುವ ಕೀಲಿ. ಒಂದು ಲಂಬ ಗೆರೆ ಎಳೆದರೆ ಮೂರನ್ನೂ ಹಾದುಹೋಗುತ್ತದೆ. ಆ ಗೆರೆ ಎಲ್ಲಿಂದ ಬಂತು ಎಂದು ತಿಳಿಯಲು ಗಾಜಿನ ಕೆಳಗೆ ಇಣುಕಬೇಕು.

ಇಂದಿನ ಫೋನುಗಳ ಪರದೆ ಒತ್ತಡವನ್ನು ಅಳೆಯುವುದಿಲ್ಲ. ಗಾಜಿನಡಿ ಕಣ್ಣಿಗೆ ಕಾಣದ, ವಿದ್ಯುತ್ ಹರಿಯಬಲ್ಲ ಪಾರದರ್ಶಕ ಗೆರೆಗಳು ಅಡ್ಡಡ್ಡ ಮತ್ತು ಉದ್ದುದ್ದ ಹಾಸಿಕೊಂಡಿರುತ್ತವೆ; ಅನೇಕ ಪರದೆಗಳಲ್ಲಿ ಇವು ಇಂಡಿಯಂ ಟಿನ್ ಆಕ್ಸೈಡಿನವು. ಒಂದು ಗೆರೆಗೂ ಪಕ್ಕದ ಗೆರೆಗೂ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರು ಅಂತರ. ಒಂದು ದಿಕ್ಕಿನ ಗೆರೆಗಳಿಗೆ ನಿಯಂತ್ರಕ ಚಿಪ್ ಒಂದರ ನಂತರ ಒಂದರಂತೆ ವಿದ್ಯುತ್ ಮಿಡಿತವನ್ನು ಕಳುಹಿಸುತ್ತದೆ. ಇನ್ನೊಂದು ದಿಕ್ಕಿನ ಗೆರೆಗಳಲ್ಲಿ ಆ ಮಿಡಿತ ಎಷ್ಟು ದಾಟಿ ಬಂತು ಎಂದು ಅಳೆಯುತ್ತದೆ. ಎರಡು ಗೆರೆಗಳು ಸಂಧಿಸುವ ಪ್ರತಿಯೊಂದು ತಾಣವೂ ವಿದ್ಯುತ್ತನ್ನು ತುಸು ಹಿಡಿದಿಡುವ ಒಂದು ಪುಟ್ಟ ಕೆಪಾಸಿಟರ್. ಬೆರಳು ಹತ್ತಿರ ಬಂದಾಗ ವಿದ್ಯುದಾವೇಶದ ಒಂದು ಪಾಲು ನಮ್ಮ ಮೈಯ ಕಡೆಗೆ ತಿರುಗಿಕೊಳ್ಳುವುದರಿಂದ ಆ ಸಂಧಿಯ ಅಳತೆ ಸ್ವಲ್ಪ ಕುಸಿಯುತ್ತದೆ. ಈ ಕುಸಿತವನ್ನೇ ಫೋನು ‘ಮುಟ್ಟಿದರು’ ಎಂದು ಓದುತ್ತದೆ. ಕುಸಿತವೆಂದರೆ ಎಷ್ಟು? ಕೆಪಾಸಿಟರುಗಳನ್ನು ಅಳೆಯುವ ಅತಿ ಪುಟ್ಟ ಮಾನವಾದ ಪಿಕೋಫ್ಯಾರಡ್‌ನ ಕೆಲವು ಹತ್ತನೇ ಭಾಗ. ಇಷ್ಟು ಕಿರಿದಾದ ವ್ಯತ್ಯಾಸವನ್ನು ಸೆಕೆಂಡಿಗೆ ನೂರಾರು ಸಲ ಅಳೆಯುವ ಕೆಲಸವಾದ್ದರಿಂದ, ಮುಟ್ಟದೇ ಇದ್ದಾಗ ಪ್ರತಿ ಸಂಧಿಯ ಅಳತೆ ಎಷ್ಟಿರುತ್ತದೆ ಎಂಬ ತಳಮಟ್ಟವನ್ನು ಚಿಪ್ ನೆನಪಿನಲ್ಲಿಟ್ಟುಕೊಂಡಿರುತ್ತದೆ, ಮತ್ತು ಶಾಖ ತೇವಗಳಿಗೆ ತಕ್ಕಂತೆ ಅದನ್ನು ಮೆಲ್ಲಗೆ ತಿದ್ದಿಕೊಳ್ಳುತ್ತಲೂ ಇರುತ್ತದೆ. ಈ ತಿದ್ದಿಕೊಳ್ಳುವ ಗುಣ ನೀರಿನ ಪ್ರಸಂಗದಲ್ಲಿ ಮತ್ತೆ ಎದುರಾಗುತ್ತದೆ.

ಮೇಲ್ಗಾಜು ಮಾತ್ರ ಸೀಳಿದ್ದರೆ ಕೈಗೆ ತರಚೀತೇ ಹೊರತು ಟೈಪಿಂಗಿಗೆ ಅಡ್ಡಿಯಿಲ್ಲ. ಬಿರುಕು ಒಳಗಿನ ಗೆರೆಗೆ ತಗುಲಿದಾಗ ಕಥೆ ಬದಲಾಗುತ್ತದೆ. ಗೆರೆ ಪೂರ್ತಿ ಕಡಿದಿದ್ದರೆ ಅದರಾಚೆಯ ಭಾಗ ಸುಮ್ಮನೆ ಸತ್ತು ಬೀಳುತ್ತದೆ, ಮುಟ್ಟಿದರೂ ಗೊತ್ತಾಗುವುದಿಲ್ಲ. ಅರೆಬರೆ ಕಡಿದಿದ್ದರೆ ಇನ್ನೂ ತಾಪತ್ರಯ. ಫೋನು ಬಿಸಿಯಾದಾಗ, ತುಸು ಬಾಗಿದಾಗ ಅಥವಾ ಹೆಬ್ಬೆರಳು ಅಂಚನ್ನು ಅದುಮಿದಾಗ ಕಡಿದ ತುದಿಗಳು ಕೂಡುತ್ತವೆ, ಅಗಲುತ್ತವೆ. ಪ್ರತಿಸಲವೂ ಆ ಗೆರೆಯ ಮೇಲಿನ ಸಂಧಿಗಳ ಅಳತೆ ದಿಢೀರನೆ ಏರಿಳಿಯುತ್ತದೆ. ಇಳಿದದ್ದೆಲ್ಲ ಚಿಪ್ಪಿನ ಪಾಲಿಗೆ ಬೆರಳೇ. ಇಲ್ಲಿ ಗಮನಿಸಬೇಕಾದ್ದು ಒಂದಿದೆ: ಬಿರುಕು ಓರೆಯಾಗಿದ್ದರೂ ಭ್ರಮೆಯ ಸ್ಪರ್ಶಗಳು ಬಿರುಕಿನ ಜಾಡು ಹಿಡಿಯುವುದಿಲ್ಲ, ಕೆಟ್ಟ ಗೆರೆಯ ಜಾಡು ಹಿಡಿಯುತ್ತವೆ. ಆದ್ದರಿಂದ ಅವು ಪರದೆಯ ಅಂಚಿಗೆ ಸಮಾನಾಂತರವಾಗಿ ನೇರ ಸಾಲಿನಲ್ಲೇ ಬೀಳುತ್ತವೆ. ಫೋನಿನ ಕೀಲಿಯೊಂದರ ಅಗಲ ಆರೇಳು ಮಿಲಿಮೀಟರು ಇರುವುದರಿಂದ, ಒಂದು ಕೆಟ್ಟ ಗೆರೆಯ ಪಾಲಿಗೆ ಸಾಲಿಗೊಂದರಂತೆ ಒಂದೇ ಕೀಲಿ ಬರುತ್ತದೆ, ಹೆಚ್ಚೆಂದರೆ ಎರಡು. ನನ್ನ ಸಂದೇಶದ o ಮತ್ತು l ಹುಟ್ಟಿದ್ದು ಹೀಗೆ. ಅದೇ ಗೆರೆಯಲ್ಲಿದ್ದ ಅಳಿಸುವ ಕೀಲಿಯೂ ನಡುನಡುವೆ ಒತ್ತಿಕೊಂಡು, ಇನ್ನಷ್ಟು ಕಸವನ್ನು ಅಕ್ಕನ ಕಣ್ಣಿಗೆ ಬೀಳದಂತೆ ಒರೆಸಿರಬೇಕು.

ಊಹೆ ಸಾಲದು ಎನಿಸಿ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಆಂಡ್ರಾಯ್ಡ್‌ನ `adb shell getevent -lt` ಆಜ್ಞೆ ಕೊಟ್ಟೆ. ಚಿಪ್ಪಿನಿಂದ ಬರುವ ಪ್ರತಿ ಸ್ಪರ್ಶವನ್ನೂ ಅದು ಕಾಲದೊಂದಿಗೆ ಬರೆದು ತೋರಿಸುತ್ತದೆ. ಫೋನನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕುಳಿತಾಗ ಬಂದ ಸಾಲುಗಳಲ್ಲಿ ಮುಖ್ಯವಾದವು ಇವು:

```
[ 8412.104512] EV_ABS ABS_MT_TRACKING_ID 00000a31
[ 8412.104512] EV_ABS ABS_MT_POSITION_X  000003b1
[ 8412.104512] EV_ABS ABS_MT_POSITION_Y  00000712
[ 8412.121190] EV_ABS ABS_MT_TRACKING_ID ffffffff
[ 8412.129523] EV_ABS ABS_MT_TRACKING_ID 00000a32
[ 8412.129523] EV_ABS ABS_MT_POSITION_Y  000007a8
```

ಮೊದಲ ಸಾಲು ಹೊಸ ಸ್ಪರ್ಶವೊಂದು ಶುರುವಾಯಿತೆಂದು ಹೇಳುತ್ತದೆ. `ffffffff` ಎಂದರೆ ಬೆರಳು ಎದ್ದಿತು ಎಂದರ್ಥ. ನಡುವಿನ ಕಾಲ 17 ಮಿಲಿಸೆಕೆಂಡೂ ಇಲ್ಲ. ಅಲ್ಲಿಂದ 8 ಮಿಲಿಸೆಕೆಂಡಿಗೆ ಎರಡನೆಯ ಸ್ಪರ್ಶ, ಅದೂ ಹದಿನಾರರ ಎಣಿಕೆಯಲ್ಲಿ ಬರೆದಿರುವ Y ಅಂಕಗಳ ಪ್ರಕಾರ 150 ಅಂಕ ಕೆಳಗೆ, ಅಂದರೆ ಹೆಚ್ಚುಕಡಿಮೆ ಒಂದು ಕೀಲಿಯಷ್ಟು ಕೆಳಗೆ. ಹೋಲಿಕೆಗೆ ಮನುಷ್ಯನ ವೇಗ ನೋಡಿ: ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು ಇತರರೊಡನೆ ಸೇರಿ 37,000 ಜನರ ಫೋನ್ ಟೈಪಿಂಗನ್ನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ ವೇಗ ನಿಮಿಷಕ್ಕೆ ಸುಮಾರು 36 ಪದ. ಐದಕ್ಷರಕ್ಕೆ ಒಂದು ಪದವೆಂಬ ಲೆಕ್ಕದಲ್ಲಿ ಒಂದು ಒತ್ತಿಗೂ ಮುಂದಿನ ಒತ್ತಿಗೂ ನಡುವೆ ಸುಮಾರು 330 ಮಿಲಿಸೆಕೆಂಡು. ನನ್ನ ಗಾಜು 25ರಲ್ಲೇ ಮುಗಿಸುತ್ತಿತ್ತು. ಇನ್ನೊಂದು ಸುಳಿವು ಇರುವುದು ಬಾರದೇ ಉಳಿದ ಸಾಲಿನಲ್ಲಿ. ಎರಡನೆಯ ಸ್ಪರ್ಶಕ್ಕೆ ಅಡ್ಡ ಸ್ಥಾನವನ್ನು ಹೇಳುವ X ಅಂಕವೇ ಇಲ್ಲ. ಬೆಲೆ ಬದಲಾಗದಿದ್ದರೆ ವ್ಯವಸ್ಥೆ ಅದನ್ನು ಮತ್ತೆ ಕಳುಹಿಸುವುದಿಲ್ಲವಾದ್ದರಿಂದ, ಆ ಸ್ಪರ್ಶ ಕೂದಲೆಳೆಯೂ ಅತ್ತಿತ್ತ ಸರಿಯದೆ ಅದೇ ಗೆರೆಯ ಮೇಲೆ ಬಿದ್ದಿದೆ. ಯಾವ ಹೆಬ್ಬೆರಳೂ ಇಷ್ಟು ಕರಾರುವಾಕ್ಕಾಗಿ ಎರಡು ಸಲ ಬೀಳದು. ಕಂಪ್ಯೂಟರಿನ ಗೊಡವೆ ಬೇಡದವರು ಡೆವಲಪರ್ ಆಯ್ಕೆಗಳಲ್ಲಿ `Pointer location` ಅನ್ನು ಚಾಲೂ ಮಾಡಿದರೆ ಸ್ಪರ್ಶ ಬಿದ್ದಲ್ಲೆಲ್ಲ ಪರದೆಯ ಮೇಲೇ ಗುರುತು ಮೂಡುತ್ತದೆ.

ಬೆರಳು ತಪ್ಪುವಾಗ ಅದಕ್ಕೊಂದು ಉದ್ದೇಶವಿರುತ್ತದೆ. ಆ ಉದ್ದೇಶದ ಆಸುಪಾಸಿನಲ್ಲೇ ತಪ್ಪು ಬೀಳುತ್ತದೆ. n ಒತ್ತಲು ಹೋಗಿ b ಅಥವಾ m ಒತ್ತುತ್ತೇವೆ, ಎರಡು ಅಕ್ಷರಗಳನ್ನು ಹಿಂದುಮುಂದು ಮಾಡುತ್ತೇವೆ, ಒಂದನ್ನು ನುಂಗುತ್ತೇವೆ. ಕನ್ನಡ ಲಿಪಿಯಲ್ಲಿ ಇದು ಇನ್ನೂ ಸ್ಪಷ್ಟ. ಭಾರತೀಯ ಲಿಪಿಗಳಿಗೆಂದೇ ರೂಪಿಸಿದ ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಳ, ಣ, ಭಗಳಿಗೆ ಶಿಫ್ಟ್ ಬೇಕು. ಅದು ತಪ್ಪಿದರೆ ‘ನಾಳೆ ಬರುತ್ತೇನೆ’ ಎಂಬುದು ‘ನಾಲೆ ಬರುತ್ತೇನೆ’ ಆಗುತ್ತದೆ, ಓದಿದವರು ಕಾವೇರಿ ನೀರು ಬಿಟ್ಟರೇನೋ ಎಂದುಕೊಳ್ಳಬಹುದು. ಇಕಾರ, ಉಕಾರದ ಚಿಹ್ನೆಗಳು ಅಕ್ಕಪಕ್ಕ ಇರುವುದರಿಂದ ‘ಮಾಡಿ’ ಎಂಬ ಗೌರವ ‘ಮಾಡು’ ಎಂಬ ಅಪ್ಪಣೆಯಾಗುತ್ತದೆ. ಇವೆಲ್ಲ ತಪ್ಪುಗಳೇ ಆದರೂ ಬಾಯಿಬಿಟ್ಟು ಓದಬಹುದಾದ ಕನ್ನಡ.

ಕೆಟ್ಟ ಗೆರೆಗೆ ಈ ಸಂಕೋಚವಿಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಚಿಹ್ನೆಗಳು ಬಹುಪಾಲು ಎಡಗಡೆ, ವ್ಯಂಜನಗಳು ಹೆಚ್ಚಾಗಿ ಬಲಗಡೆ ಇವೆ. ಎಡ ಅಂಚಿನ ಗೆರೆ ಕೆಟ್ಟರೆ ಔಕಾರ, ಓಕಾರಗಳು ಒಂದರ ಬೆನ್ನಿಗೆ ಒಂದು ಬೀಳುತ್ತವೆ. ಒಂದು ವ್ಯಂಜನಕ್ಕೆ ಒಂದೇ ಸ್ವರಚಿಹ್ನೆ ಎಂಬುದು ನಮ್ಮ ಲಿಪಿಯ ಕಟ್ಟಳೆಯಾದ್ದರಿಂದ, ಉಳಿದವು ನಿಲ್ಲಲು ನೆಲೆಯಿಲ್ಲದೆ ಚುಕ್ಕಿಗಳ ಒಂದು ವೃತ್ತಕ್ಕೆ ಜೋತುಬಿದ್ದು ತೋರುತ್ತವೆ. ಅಂಥ ನಾಲ್ಕೈದು ವೃತ್ತಗಳು ಸಾಲಾಗಿ ಕಂಡರೆ ಬರೆದವರನ್ನು ದೂರುವ ಮೊದಲು ಅವರ ಫೋನನ್ನು ನೋಡಬೇಕು. ಬಲ ಅಂಚು ಕೆಟ್ಟರೆ ಮಾತ್ರ ಲಿಪಿ ನಮ್ಮ ನೆರವಿಗೆ ಬರುವುದಿಲ್ಲ. ಅಲ್ಲಿ ಬರುವುದು ‘ಡಟಟಡಟ’ ಎಂಬಂಥ ಸಾಲು. ಅರ್ಥವಿಲ್ಲ, ಆದರೆ ಪ್ರತಿ ಅಕ್ಷರವೂ ಲಕ್ಷಣವಾಗಿಯೇ ಇದೆ.

ನೀರಿನ ಹನಿಯ ವರ್ತನೆ ಬೇರೆ. ಪರದೆಯ ಮೇಲೆ ಕುಳಿತ ಮಳೆಹನಿ ಮೈಗೆ ತಗುಲಿಕೊಂಡಿಲ್ಲವಾದ್ದರಿಂದ ಬೆರಳಿನಂತೆ ಆವೇಶವನ್ನು ಕದಿಯುವುದಿಲ್ಲ; ಎರಡು ಗೆರೆಗಳ ನಡುವೆ ಸೇತುವೆಯಾಗಿ ನಿಂತು ಮಿಡಿತ ಹೆಚ್ಚೇ ದಾಟುವಂತೆ ಮಾಡುತ್ತದೆ. ಅಳತೆ ಕುಸಿಯುವ ಬದಲು ಏರುತ್ತದೆ, ಹಾಗಾಗಿ ಹನಿ ಸುಮ್ಮನಿದ್ದಷ್ಟು ಹೊತ್ತು ಅಕ್ಷರ ಬೀಳಬೇಕಿಲ್ಲ. ತೊಂದರೆ ಎರಡು ಹೊತ್ತಿನಲ್ಲಿ ಬರುತ್ತದೆ. ಹನಿಯ ಅಂಚಿಗೆ ಬೆರಳು ತಗುಲಿದಾಗ ಇಡೀ ಹನಿ ಬೆರಳಿನ ಮುಂದುವರಿಕೆಯಾಗಿ, ಅದರಡಿಯ ಕೀಲಿಗಳೆಲ್ಲ ಒತ್ತಿದಂತಾಗಬಹುದು. ಎರಡನೆಯದು ವಿಚಿತ್ರ: ಹನಿ ತುಂಬ ಹೊತ್ತು ಕುಳಿತಿದ್ದರೆ ಚಿಪ್ ಆ ಏರಿದ ಅಳತೆಯನ್ನೇ ಹೊಸ ತಳಮಟ್ಟವೆಂದು ಒಪ್ಪಿಕೊಂಡುಬಿಡಬಹುದು, ಆಗ ಪಂಚೆಯ ಚುಂಗಿನಿಂದ ಅದನ್ನು ಒರೆಸಿದ ಗಳಿಗೆಯಲ್ಲೇ ಅಳತೆ ಕೆಳಗಿಳಿದು, ಒಣಗಿದ ಜಾಗವನ್ನು ಯಾರೋ ಮುಟ್ಟಿದಂತೆ ಕಾಣುತ್ತದೆ. ನೀರಿನ ಕಸಕ್ಕೆ ಗೆರೆಯ ಆಕಾರವಿಲ್ಲ, ಒಂದು ಕಲೆಯ ಆಕಾರ. g, h, v, bಗಳಂತೆ ಒತ್ತೊತ್ತಾಗಿರುವ ಕೀಲಿಗಳು ಒಟ್ಟೊಟ್ಟಿಗೆ ಬರುತ್ತವೆ, ಹನಿ ಸರಿದಂತೆ ಗುಂಪೂ ಸರಿಯುತ್ತದೆ, ಒಣಗಿದ ಮೇಲೆ ಎಲ್ಲ ನಿಲ್ಲುತ್ತದೆ. ಇದನ್ನು ತಡೆಯಲು ಚಿಪ್ಪುಗಳು ಸಂಧಿಯನ್ನಷ್ಟೇ ಅಲ್ಲದೆ ಪ್ರತಿ ಗೆರೆಗೂ ವಿದ್ಯುತ್ತಿನ ಗ್ರೌಂಡಿಗೂ ನಡುವಿನ ಅಳತೆಯನ್ನೂ ಪ್ರತ್ಯೇಕವಾಗಿ ತೆಗೆದು ತಾಳೆ ನೋಡುವುದುಂಟು. ಬೆರಳು ಎರಡರಲ್ಲೂ ಕಾಣುತ್ತದೆ, ಬಿಡಿ ಹನಿ ಎರಡನೆಯದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮಳೆಹನಿಯ ವಿಷಯದಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಉಪ್ಪುಬೆವರಿನ ಕೈಯಲ್ಲಿ ಅಷ್ಟೊಂದಲ್ಲ.

ಇಷ್ಟೆಲ್ಲ ಗುರುತುಗಳಿದ್ದರೂ ಪದ ತಿದ್ದುವ ಸೌಲಭ್ಯ ನಡುವೆ ಬಂದರೆ ಜಾಡು ಅಳಿಯುತ್ತದೆ. ಗಾಜು ಒತ್ತಿದ o, lಗಳನ್ನು ಅದು ಪಕ್ಕದ ಪದದೊಂದಿಗೆ ಸೇರಿಸಿ ಇನ್ನಾವುದೋ ನಿಘಂಟಿನ ಪದವಾಗಿ ಮಾಡಿಬಿಡುತ್ತದೆ, ಆಮೇಲೆ ಉಳಿಯುವುದು ಮನುಷ್ಯರೇ ಆಯ್ದಂತೆ ಕಾಣುವ ತಪ್ಪು ಪದ. ಕಸ ಒಂದೇ ಅಕ್ಷರದಷ್ಟಿದ್ದಾಗಲೂ ಹೀಗೆಯೇ. ಡಿಸ್‌ಪ್ಲೇ ಬದಲಾಯಿಸುವ ಹಿಂದಿನ ದಿನ ಅಕ್ಕನಿಗೆ ಇನ್ನೊಂದು ಸಂದೇಶ ಹೋಗಿತ್ತು, `hollige tartini` ಎಂದು. ಹೋಳಿಗೆಯ ಆ ಹೆಚ್ಚುವರಿ l ಕೆಟ್ಟ ಗೆರೆಯ ಮೇಲಿನ ಕೀಲಿಯೇ ಹೌದು; ನಾನು ಆಗತಾನೇ ಒತ್ತಿದ್ದ ಕೀಲಿಯೂ ಅದೇ. ಆ ಹೊತ್ತಿನಲ್ಲಿ `getevent` ಓಡುತ್ತಿರಲಿಲ್ಲ.