ತಡವಾದ ಟಿಕೆಟ್ ಮತ್ತು ‘ಆಗು’ ಎಂಬ ಕ್ರಿಯಾಪದ

ಅಡಿಕೆ ಖರೀದಿಸುವ ಒಂದು ಅಂಗಡಿಗೆ ನಾವು ನಾಲ್ವರು ಬಿಲ್ಲಿಂಗ್ ತಂತ್ರಾಂಶ ಬರೆಯುತ್ತಿದ್ದೆವು. ನಾನು ಬದಿಯಡ್ಕದಲ್ಲಿ, ನಮ್ಮ ತಂಡದ ಹಿರಿಯ ಅಕ್ಕ ಪೆರ್ಲದಲ್ಲಿ, ಉಳಿದಿಬ್ಬರು ಕುಂಬಳೆಯಲ್ಲಿ. ಕಾಸರಗೋಡಿನ ಅಂಗಡಿಯಾದ್ದರಿಂದ ರಸೀದಿ ಕನ್ನಡದಲ್ಲೂ ಮಲಯಾಳದಲ್ಲೂ ಬರಬೇಕು. ಆದರೆ ರಸೀದಿ ಮುದ್ರಿಸುವ ಸಣ್ಣ ಥರ್ಮಲ್ ಪ್ರಿಂಟರಿಗೆ ಒತ್ತಕ್ಷರ ಜೋಡಿಸುವುದು ಗೊತ್ತಿಲ್ಲ. ‘ಮೊತ್ತ’ ಎಂದು ಕಳುಹಿಸಿದರೆ ಅಕ್ಷರ ಒಡೆದು ಬರುತ್ತದೆ, ಇಲ್ಲವೇ ಖಾಲಿ ಚೌಕಗಳು ಬೀಳುತ್ತವೆ. ಕಂಪ್ಯೂಟರಿನಲ್ಲೇ ಸಾಲನ್ನು ಚಿತ್ರವಾಗಿ ಮಾಡಿ ಕಳುಹಿಸುವುದು ಇದಕ್ಕಿರುವ ದಾರಿ. ಆ ಕೆಲಸ ಅಕ್ಕನ ಹೆಸರಿನಲ್ಲಿತ್ತು. ತಂಡದ ಕೆಲಸದ ಪಟ್ಟಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ನಮೂದು ಇರುತ್ತದೆ, ಅದೇ ಟಿಕೆಟ್. ಇದರದ್ದು `KSG-214`, ಗಡುವು 9ನೇ ತಾರೀಕು, ಶುಕ್ರವಾರ.

ಮಂಗಳವಾರವಾದರೂ ಟಿಕೆಟ್ `In Progress` ಎಂದೇ ತೋರಿಸುತ್ತಿತ್ತು. ಕೊನೆಯ ಟಿಪ್ಪಣಿ 5ನೇ ತಾರೀಕಿನದು. ಗುರುವಾರ ಅಂಗಡಿಯವರಿಗೆ ತೋರಿಸಲಿಕ್ಕಿತ್ತು. ನನ್ನ ಕೈ ಮೊದಲು ಟೈಪ್ ಮಾಡಿದ್ದು ಹೀಗೆ:

> ಅಕ್ಕಾ, ರಸೀದಿ ಕೆಲಸ ಇನ್ನೂ ಯಾಕೆ ಮಾಡಿಲ್ಲ? ಶುಕ್ರವಾರವೇ ಕೊಡಬೇಕಿತ್ತಲ್ಲ.

ಕಳುಹಿಸಲಿಲ್ಲ. ಎರಡೇ ವಾಕ್ಯ, ಒಂದು ಬೈಗುಳವೂ ಇಲ್ಲ. ಆದರೂ ಓದಿದರೆ ಮುಖಕ್ಕೆ ಹೊಡೆದ ಹಾಗಾಗುತ್ತದೆ.

‘ಮುಖ’ ಎಂಬ ಈ ಮಾತು ಭಾಷಾವಿಜ್ಞಾನದಲ್ಲೂ ಇದೆ. ಪೆನೆಲೊಪೆ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಮಂಡಿಸಿದ ಸೌಜನ್ಯ ಸಿದ್ಧಾಂತದ ಕೇಂದ್ರದಲ್ಲಿರುವುದು ಅದೇ. ಅವರು ಹೋಲಿಸಿ ನೋಡಿದ ಮೂರು ಭಾಷೆಗಳಲ್ಲಿ ಒಂದು ಇಂಗ್ಲಿಷ್, ಇನ್ನೊಂದು ಮೆಕ್ಸಿಕೋದ ತ್ಸೆಲ್ತಾಲ್, ಮತ್ತೊಂದು ನಮ್ಮ ನೆರೆಯ ಕೊಯಮತ್ತೂರು ಸೀಮೆಯ ಹಳ್ಳಿಯ ತಮಿಳು. ಪ್ರತಿಯೊಬ್ಬರಿಗೂ ಎರಡು ಬಗೆಯ ಮುಖವಿದೆ ಎನ್ನುತ್ತಾರೆ ಅವರು. ತನ್ನನ್ನು ನಾಲ್ಕು ಜನ ಮೆಚ್ಚಬೇಕು ಎಂಬುದು ಒಂದು, ತನ್ನನ್ನು ಯಾರೂ ಒತ್ತಾಯಿಸಬಾರದು ಎಂಬುದು ಇನ್ನೊಂದು. ಗಡುವು ಮೀರಿದ ಕೆಲಸದ ಬಗ್ಗೆ ಕೇಳುವ ಪ್ರಶ್ನೆ ಒಂದೇ ಏಟಿಗೆ ಎರಡಕ್ಕೂ ತಾಗುತ್ತದೆ. ಏಟಿನ ಭಾರ ಮೂರು ವಿಷಯಗಳ ಮೇಲೆ ನಿಂತಿದೆ: ಇಬ್ಬರ ನಡುವಿನ ದೂರ, ಅಧಿಕಾರದ ಅಂತರ, ಕೇಳುವ ಸಂಗತಿಯ ಹೊರೆ. ಅದೇ ಸಂದೇಶವನ್ನು ಮ್ಯಾನೇಜರ್ ಇರುವ ಗುಂಪಿನಲ್ಲಿ ಹಾಕಿದರೆ ಒಂದಕ್ಷರ ಬದಲಾಗದಿದ್ದರೂ ಭಾರ ಹೆಚ್ಚುವುದು ಇದರಿಂದಲೇ. ಮೊದಲ ಸಲ ಕೇಳುವಾಗ ಒಬ್ಬರಿಗೇ ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ವಾಕ್ಯದ ಒಳಗೆ ನೋಡೋಣ. ಕನ್ನಡದಲ್ಲಿ ‘ಮಾಡು’ ಮತ್ತು ‘ಆಗು’ ಜೋಡಿ ಕ್ರಿಯಾಪದಗಳು. ‘ಮಾಡಿಲ್ಲ’ ಎಂದೊಡನೆ ಮಾಡಬೇಕಿದ್ದವರೊಬ್ಬರು ಎದುರಿಗೆ ಬಂದು ನಿಲ್ಲುತ್ತಾರೆ. ವಾಕ್ಯದಲ್ಲಿ ‘ನೀವು’ ಇಲ್ಲದಿದ್ದರೂ ಅವರು ಕಾಣುತ್ತಾರೆ. ‘ಆಗಿಲ್ಲ’ ಎಂದರೆ ಕೆಲಸವೇ ಕರ್ತೃ, ಮನುಷ್ಯರು ಪಕ್ಕಕ್ಕೆ ಸರಿಯುತ್ತಾರೆ. ಆದರೆ ಆಗು ಬಳಸಿದರೆ ಸಾಲದು, ಅದರ ಜತೆಗೆ ಬರುವುದನ್ನೂ ಗಮನಿಸಬೇಕು. ‘ನಿಮ್ಮಿಂದ ಆಗಲಿಲ್ಲವಾ?’ ಎಂದರೆ ತಪ್ಪಿನ ಬದಲು ಅಸಾಮರ್ಥ್ಯವನ್ನು ಹೊರಿಸಿದಂತಾಗುತ್ತದೆ, ಅದು ಇನ್ನೂ ಕೆಟ್ಟದ್ದು. ‘ಇನ್ನೂ ಆಗಿಲ್ಲವಾ?’ ಎಂಬಲ್ಲಿ ‘ಇನ್ನೂ’ ಒಂದೇ ಪದ, ಇಷ್ಟರೊಳಗೆ ಆಗಿರಬೇಕಿತ್ತು ಎಂಬ ದೂರನ್ನು ಹೊತ್ತು ತರುತ್ತದೆ. ‘ಕೊಡಬೇಕಿತ್ತಲ್ಲ’ದ ಕೊನೆಯ ‘ಅಲ್ಲ’ವೂ ಹಾಗೆಯೇ, ನಿಮಗೂ ಗೊತ್ತಿತ್ತು ಎಂದು ಬೆರಳು ತೋರಿಸುತ್ತದೆ. ‘ಯಾಕೆ’ ಕೇಳುವುದು ಸುದ್ದಿಯನ್ನಲ್ಲ, ಸಮಜಾಯಿಷಿಯನ್ನು. ಇವನ್ನೆಲ್ಲ ತೆಗೆದರೆ ಉಳಿಯುವುದು ನಮ್ಮ ಕಡೆ ದಿನಕ್ಕೆ ಹತ್ತು ಸಲ ಕೇಳುವ ಮಾತು: ‘ಎಲ್ಲಿಗೆ ಬಂತು?’ ಇದರಲ್ಲಿ ಕೆಲಸ ನಡೆಯುತ್ತಿದೆ ಎಂದು ಮೊದಲೇ ಒಪ್ಪಿಕೊಂಡಾಗಿದೆ.

ಎದುರೆದುರು ಕೇಳಿದರೆ ಇಷ್ಟು ಕತ್ತರಿಸಬೇಕಿಲ್ಲ, ದನಿ ಅರ್ಧ ಕೆಲಸ ಮಾಡಿಬಿಡುತ್ತದೆ. ಬರಹದಲ್ಲಿ ದನಿ ಇಲ್ಲ, ಆದರೆ ಬರೆಯುವವರಿಗೆ ಅದು ತಲೆಯೊಳಗೆ ಕೇಳುತ್ತಲೇ ಇರುತ್ತದೆ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಾಕ್ಯಗಳನ್ನು ನಿಜವಾಗಿಯೂ, ಕೆಲವನ್ನು ವ್ಯಂಗ್ಯವಾಗಿಯೂ ಹೇಳಬೇಕಿತ್ತು. ಇಮೇಲ್‌ನಲ್ಲಿ ಬರೆದವರು ಓದುವವರಿಗೆ ಶೇ. 78ರಷ್ಟು ಸರಿಯಾಗಿ ತಿಳಿಯುತ್ತದೆ ಎಂದುಕೊಂಡಿದ್ದರು. ತಿಳಿದದ್ದು ಶೇ. 56, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲೆ. ಬಾಯಿಮಾತಿನಲ್ಲಿ ಹೇಳಿದಾಗ ಶೇ. 73 ಆಗಿತ್ತು. ‘ನಾನು ಪ್ರೀತಿಯಿಂದಲೇ ಕೇಳಿದ್ದು’ ಎಂಬುದು ಪರದೆಯ ಆಚೆ ಇರುವವರಿಗೆ ಕಾಣುವುದಿಲ್ಲ.

ಟಿಕೆಟ್ ಸಂಖ್ಯೆಗೆ ಇಲ್ಲಿ ಎರಡು ಉಪಯೋಗ. ಯಾವ ಕೆಲಸ, ಯಾವ ಗಡುವು ಎಂದು ಓದುವವರು ಹುಡುಕಬೇಕಿಲ್ಲ. ಅದಕ್ಕಿಂತ ದೊಡ್ಡದು, ವಾಕ್ಯದ ಕರ್ತೃವಾಗಲು ಮನುಷ್ಯರಲ್ಲದ ಒಂದು ವಸ್ತು ಸಿಗುತ್ತದೆ. ‘ನೀವು 9ಕ್ಕೆ ಕೊಡಬೇಕಿತ್ತು’ ಎಂಬುದು ‘ಟಿಕೆಟ್‌ನಲ್ಲಿ 9 ಅಂತ ಇದೆ’ ಎಂದಾಗುತ್ತದೆ. ಟಿಕೆಟ್‌ನಲ್ಲಿರುವುದೇ ತಪ್ಪಾಗಿರಬಹುದು ಎಂಬ ಎಡೆಯೂ ಅದರಲ್ಲಿ ಉಳಿಯುತ್ತದೆ. ಎಷ್ಟೋ ಸಲ ತಪ್ಪಾಗಿಯೇ ಇರುತ್ತದೆ: ಕೆಲಸ ಮುಗಿದಿರುತ್ತದೆ, ಸ್ಥಿತಿ ಬದಲಿಸಿರುವುದಿಲ್ಲ. ಆದ್ದರಿಂದ ಬರೆಯುವ ಮೊದಲು ಟಿಕೆಟ್‌ನ ಇತಿಹಾಸ ಓದಬೇಕು. ಕೆಲಸ ಬೇರೆಯವರ ಹೆಸರಿಗೆ ಹೋಗಿದೆಯೇ, ಕೊನೆಯ ಟಿಪ್ಪಣಿಯಲ್ಲಿ ನಮ್ಮನ್ನೇ ಏನಾದರೂ ಕೇಳಿ ಉತ್ತರಕ್ಕೆ ಕಾದಿದ್ದಾರೆಯೇ ನೋಡಬೇಕು. ಹಾಗೆಂದು ತೆರೆದ ದಿನ, ಬದಲಾದ ದಿನ, ಮೀರಿದ ದಿನಗಳನ್ನೆಲ್ಲ ಸಾಲಾಗಿ ಹಾಕಿದರೆ ಅದೇ ಟಿಕೆಟ್ ಆರೋಪಪಟ್ಟಿಯಾಗುತ್ತದೆ. ಒಂದು ಗಡುವು, ಒಂದು ಕೊನೆಯ ಟಿಪ್ಪಣಿ ಸಾಕು.

ಹೊಸ ತಾರೀಕು ಕೇಳುವುದರಲ್ಲೂ ಒಂದು ತೊಡಕಿದೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತಿತರರು ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ಹೋದರೆ ಎಂದು ಕೇಳಿದಾಗ ಸುಮಾರು 49. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಈಗಾಗಲೇ ತಡವಾದವರನ್ನು ‘ಯಾವಾಗ ಆಗುತ್ತದೆ?’ ಎಂದರೆ ಸಂಕೋಚವೂ ಸೇರಿಕೊಂಡು ‘ನಾಳೆ’ ಎಂಬ ಉತ್ತರ ಬರುತ್ತದೆ. ‘ಇನ್ನೇನು ಬಾಕಿ ಉಂಟು?’ ಎಂದು ಕೇಳಿದರೆ ಉತ್ತರದಲ್ಲಿ ಕೆಲಸದ ನಿಜವಾದ ಆಕಾರ ಕಾಣುತ್ತದೆ.

ಕೊನೆಗೆ ಕಳುಹಿಸಿದ್ದು ಇದು:

> ಅಕ್ಕಾ, `KSG-214` ರಸೀದಿಯ ಒತ್ತಕ್ಷರದ ಕೆಲಸ ಎಲ್ಲಿಗೆ ಬಂತು? ಟಿಕೆಟ್‌ನಲ್ಲಿ ಗಡುವು 9 ಅಂತ ಇದೆ, ಕೊನೆಯ ಟಿಪ್ಪಣಿ 5ರದ್ದು. ಗುರುವಾರ ಅಂಗಡಿಯವರಿಗೆ ತೋರಿಸಲಿಕ್ಕುಂಟು. ಇನ್ನೇನು ಬಾಕಿ ಉಂಟು ಅಂತ ನಾಳೆ ಬೆಳಿಗ್ಗೆ ಒಂದು ಸಾಲು ಬರೆದರೆ, ರಸೀದಿ ತೋರಿಸುವುದೋ ಬಿಡುವುದೋ ಅಂತ ನಾನು ನಿಶ್ಚಯ ಮಾಡುತ್ತೇನೆ. ನನ್ನಿಂದ ಏನಾದರೂ ಬೇಕಿದ್ದರೆ ಹೇಳಿ.

ಇದರಲ್ಲಿ ‘ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ’, ‘ಪುರುಸೊತ್ತಾದಾಗ ನೋಡಿ’ ಇಲ್ಲ. ಬೇಕೆಂದೇ ಬಿಟ್ಟೆ. ಪುರುಸೊತ್ತಾದಾಗ ಎಂದರೆ ಪುರುಸೊತ್ತಾದಾಗಲೇ ಉತ್ತರ ಬರುತ್ತದೆ, ಆಗ ಗುರುವಾರ ಕಳೆದಿರುತ್ತದೆ. ಯಾವಾಗ ಬೇಕು, ಯಾಕೆ ಬೇಕು ಎಂಬುದನ್ನು ಹೇಳುವುದು ಒರಟಲ್ಲ. ಏನು ನಿಂತುಹೋಗಿದೆ ಎಂದು ತಿಳಿಯದವರಿಗೆ ಅದು ತಿಳಿಯುತ್ತದೆ.

ರಾತ್ರಿಯೇ ಉತ್ತರ ಬಂತು. ‘ಕೋಡ್ ಆಗಿದೆ ಮಾರಾಯಾ. ನನ್ನ ಹತ್ತಿರ ಇರುವುದು 80 ಮಿಲಿಮೀಟರಿನ ಪ್ರಿಂಟರ್, ಅಂಗಡಿಯದ್ದು 58ರದ್ದು. ಅದರಲ್ಲಿ ನೋಡದೆ ಮುಗಿಯಿತು ಅಂತ ಹಾಕಲಿಕ್ಕೆ ಮನಸ್ಸು ಬರಲಿಲ್ಲ.’

58ರ ಪ್ರಿಂಟರ್ ನನ್ನ ಮೇಜಿನ ಮೇಲೇ ಇತ್ತು. ಅಕ್ಕ ಟಿಕೆಟನ್ನು `Blocked` ಎಂದು ಬದಲಿಸಿ, ಕಾರಣ ಬರೆದು, ಗಡುವನ್ನು ಬುಧವಾರ ಸಂಜೆಗೆ ಇಟ್ಟರು. ಬೆಳಗಿನ ಬಸ್ಸಿಗೆ ನಾನು ಪ್ರಿಂಟರ್ ಹಿಡಿದುಕೊಂಡು ಪೆರ್ಲಕ್ಕೆ ಹೋದೆ. ಅಕ್ಕನ ಅನುಮಾನ ಸರಿಯಾಗಿತ್ತು. ಅವರ ಚಿತ್ರದ ಅಗಲ 576 ಚುಕ್ಕೆ, ಈ ಪ್ರಿಂಟರ್ ಒಂದು ಸಾಲಿಗೆ ಹಾಕುವುದು 384. ಮೊದಲ ರಸೀದಿಯಲ್ಲಿ ಒತ್ತಕ್ಷರಗಳೆಲ್ಲ ಚೆನ್ನಾಗಿ ಬಂದಿದ್ದವು, ಬಲಬದಿಯ ರೂಪಾಯಿ ಕಾಲಂ ಮಾತ್ರ ಪೂರ್ತಿ ಕಾಣೆಯಾಗಿತ್ತು. ಅಗಲವನ್ನು ಪ್ರಿಂಟರಿಗೆ ತಕ್ಕಂತೆ ಬದಲಾಗುವ ಹಾಗೆ ಮಾಡಿ, ಮಧ್ಯಾಹ್ನದ ಊಟಕ್ಕೆ ಮೊದಲು ಅಕ್ಕ ಟಿಕೆಟ್ ಮುಚ್ಚಿದರು.